ಹಳೆಯ ವಾಶರ್

ಪಕ್ಕದ ಮನೆ ಅಕ್ಕನ ಪಂಪು ಓಡುತ್ತಿತ್ತು, ನೀರು ಮಾತ್ರ ಎತ್ತುತ್ತಿರಲಿಲ್ಲ. ಕೆಲಸ ಕಳೆದುಕೊಂಡಿದ್ದ ಫಿಟ್ಟರ್, ಬೀದಿಯವರೆಲ್ಲ ಬಾಯಿಬಡುಕ ಎನ್ನುತ್ತಿದ್ದ ಗೆಳೆಯನನ್ನು ಕರೆದುಕೊಂಡು ಹೋಗಿ ಕೊಳವೆಬಾವಿಯ ಪೈಪು ಹೊರಗೆಳೆದ. ಏರಿದ ನೀರು ವಾಪಸು ಜಾರದಂತೆ ತಡೆಯುವ ಫುಟ್‌ವಾಲ್ವು ಅದರ ತುದಿಯಲ್ಲಿತ್ತು. ಅದರ ಹಳೆಯ ವಾಶರ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡು, ಹಳೆಯ ಟೈರ್ ಟ್ಯೂಬಿನಿಂದ ಹೊಸದನ್ನು ಕತ್ತರಿಸಿ ಹಾಕಿದ. ಪೈಪಿನ ತುದಿ ಸವೆದಿತ್ತು; ಅಷ್ಟನ್ನು ತೆಗೆದು, ಅದಕ್ಕಿಂತ ನಾಲ್ಕಡಿ ಉದ್ದದ ತುಂಡು ಜೋಡಿಸಿದ. ಪೈಪಿಗೆ ನೀರು ತುಂಬಿ ಸ್ವಿಚ್ ಒತ್ತಿದ್ದೇ ತಡ, ನೀರು ಧೋ ಎಂದು ಸುರಿಯಿತು.

"ಲೋ, ಬೀದಿ ತುಂಬಾ ಇದೇ ವಯಸ್ಸಿನ ಪಂಪು! ವಾಶರ್ ಹಾಕೋದೇ ನಮ್ಮ ಧಂದೆ ಮಾಡ್ಕೊಳ್ಳೋಣ" ಎಂದ ಬಾಯಿಬಡುಕ.

ಬೋರ್ಡು ಬರೆಸಿದರು, ಇನ್ನೂರು ವಾಶರ್ ಕತ್ತರಿಸಿದರು. ಮುಂದಿನ ಐದು ಮನೆಗಳಲ್ಲಿ ಹೊಸ ವಾಶರ್ ಹಾಕಿದರೂ ಹನಿ ನೀರು ಬರಲಿಲ್ಲ. ಆರನೆಯ ಮನೆಯಲ್ಲಿ ಫಿಟ್ಟರ್ ಹಗ್ಗಕ್ಕೆ ಕಲ್ಲು ಕಟ್ಟಿ ಬಾವಿಗೆ ಇಳಿಬಿಟ್ಟ. ಮೇಲೆಳೆದಾಗ ಹಗ್ಗದ ಮೂವತ್ತು ಅಡಿ ಒಣಗಿಯೇ ಬಂತು. ನೆಲದ ಮೇಲೆ ಕೂತ ಪಂಪು ಇಪ್ಪತ್ತೈದು ಅಡಿಗಿಂತ ಕೆಳಗಿನ ನೀರನ್ನು ತಿಪ್ಪರಲಾಗ ಹಾಕಿದರೂ ಹೀರಲಾರದು.

"ಮತ್ತೆ ಅಕ್ಕನ ಮನೇಲಿ ಹೆಂಗೋ ಬಂತು?" ಎಂದ ಬಾಯಿಬಡುಕ.

"ಆ ನಾಲ್ಕಡಿ ಪೈಪು ನೀರು ಮುಟ್ತು ಕಣೋ. ನೀರು ಆಗ್ಲೇ ಇಳೀತಾ ಇತ್ತು."

ಫಿಟ್ಟರ್ ಚೀಲದಲ್ಲಿದ್ದ ಅಕ್ಕನ ಹಳೆಯ ವಾಶರನ್ನು ಆ ಮನೆಯ ವಾಲ್ವಿಗೆ ಹಾಕಿ ಮೇಲಿನಿಂದ ನೀರು ಸುರಿದ. ಒಂದು ತೊಟ್ಟೂ ಸೋರಲಿಲ್ಲ.

ಅಷ್ಟರಲ್ಲಿ ಅಕ್ಕ ಗೇಟಿನ ಹತ್ತಿರ ಬಂದಳು. "ತಮ್ಮಾ, ಪಂಪು ಮತ್ತೆ ಬರೀ ಗಾಳಿ ಕಕ್ತಾ ಇದೆ. ಇನ್ನೊಂದು ವಾಶರ್ ಹಾಕ್ಕೊಡ್ತೀಯೇನಪ್ಪಾ?"