ಮತ್ತೆ ಕಳಿಸು

ಔಷಧಿ ಇಡುವ ಶೀತಪೆಟ್ಟಿಗೆಯೊಳಗೆ ಎರಡು ಮಿದುಳು. ಪರದೆ ನೋಡಿಕೊಳ್ಳುವ ಪುಟ್ಟ ಕಂಪ್ಯೂಟರಿಗೆ ಕೋಡ್ ಬರೆಯುವುದು ಅವಳ ಪಾಲಿನದು. ತಣುಪು ಅಳೆಯುವ ಮೈಕ್ರೋಕಂಟ್ರೋಲರು ಅವಳ ಜೊತೆ ಕೆಲಸಕ್ಕಿದ್ದ ಗಡ್ಡದವನ ಪಾಲಿನದು. ನಡುವೆ ಎರಡರ ಸಂದೇಶ ಸಾಗಿಸುವ ಸೀರಿಯಲ್ ತಂತಿ. ಪ್ರತಿ ಸಂದೇಶದ ಬಾಲಕ್ಕೆ, ಅದು ಕೆಡದೆ ಬಂತೇ ಎಂದು ತಾಳೆ ನೋಡುವ ಚೆಕ್‌ಸಮ್ ಅಂಕಿ ಕಟ್ಟಬೇಕೆಂದು ಇಬ್ಬರೂ ಒಪ್ಪಿದ್ದರು. ಅದು ತಾಳೆಯಾಗದಿದ್ದರೆ ಏನು ಮಾಡಬೇಕು ಎಂಬುದಕ್ಕೇ ಜಗಳ.

"ಕೆಟ್ಟು ಬಂತು, ಮತ್ತೆ ಕಳಿಸು ಅಂತ ಬಾಯಿಬಿಟ್ಟು ಹೇಳ್ಬೇಕು," ಎಂದಿದ್ದಳು ಅವಳು.

"ಯಾಕೆ? ಕೆಟ್ಟದ್ದನ್ನ ಎಸೆದು ತೆಪ್ಪಗಿದ್ರಾಯ್ತು. ಉತ್ತರ ಬರ್ಲಿಲ್ಲ ಅಂದ್ರೆ ಆ ಕಡೆಯದು ಮತ್ತೆ ಕೇಳುತ್ತೆ. ಮೂರು ಸಲ ಕೇಳಿ ಕೈಬಿಡುತ್ತೆ," ಎಂದು ಅವನು ನಕ್ಕಿದ್ದ.

ಆ ನಗು ಕಂಡರೆ ಅವಳ ಹಟವೆಲ್ಲ ಕರಗಿ ನೀರಾಗುತ್ತಿತ್ತು, ಹಾಳಾದ್ದು! ಒಪ್ಪಿಬಿಟ್ಟಳು.

ಅವನು ಕೆಲಸ ಬಿಟ್ಟು ಬೇರೆ ಊರು ಸೇರಿ ಐದು ತಿಂಗಳಾಯಿತು. ಅವಳು ಅವನಿಗೆ ಮೂರು ಸಲ ಬರೆದಳು. ಉತ್ತರವಿಲ್ಲ. ತಲುಪಲಿಲ್ಲವೋ, ತಪ್ಪು ತಿಳಿದನೋ, ತಾನು ಬೇಡವಾದೆನೋ, ಮೌನ ಯಾವುದನ್ನೂ ಬಿಡಿಸಿ ಹೇಳಲಿಲ್ಲ.

ಇವತ್ತು ಬೆಳಿಗ್ಗೆ ಅವಳು ಅವನ ಕೋಡ್ ತೆರೆದು, ಚೆಕ್‌ಸಮ್ ತಪ್ಪಿದಾಗ ಕಳಿಸಬೇಕಾದ ಉತ್ತರವನ್ನು ಸೇರಿಸಿದಳು, ಒಂದು ಅಕ್ಷರದಷ್ಟೇ ಗಾತ್ರದ ಒಂದು ಬೈಟು. ಪರೀಕ್ಷೆಗೆಂದು ಸಂದೇಶದ ಅತಿ ಚಿಕ್ಕ ಚೂರಾದ ಒಂದು ಬಿಟ್ ತಿರುಚಿ ಕಳಿಸಿದಳು. ಕಣ್ಣು ಮಿಟುಕಿಸುವುದರೊಳಗೆ ಆ ಬೈಟಿನ ಅರ್ಥ ಪರದೆಯ ಮೇಲೆ ಮೂಡಿತು: ಕೆಟ್ಟು ಬಂತು, ಮತ್ತೆ ಕಳಿಸು.

"ಒಂದೇ ಒಂದು ಬೈಟು ಸಾಕಿತ್ತು ಕಣೋ," ಎಂದಳು ಅವನ ಖಾಲಿ ಕುರ್ಚಿಗೆ.

ಪರೀಕ್ಷೆ ಮುಗಿದಿತ್ತು. ಆದರೂ ಬೇಕಂತಲೇ ಇನ್ನೊಮ್ಮೆ ಕೆಡಿಸಿ ಕಳಿಸಿದಳು, ಇನ್ನೊಮ್ಮೆ ಕೇಳಿಸಿಕೊಳ್ಳಲು.