ಹಸಿರು ಚುಕ್ಕೆಯ ಡಬ್ಬಿ

ಮಕ್ಕಳು ಅವಳಿಗೆ ಇಟ್ಟ ಹೆಸರು ಬಣ್ಣದ ಮಿಸ್. ಕೆಲಸದಲ್ಲಿ ಅವಳು ಶಾಲೆಯ ಆಹಾರ ತಜ್ಞೆ. ಊಟದ ಬೆಲ್ ಹೊಡೆದ ಕೂಡಲೆ ಪ್ರತಿ ತರಗತಿಯ ಟೀಚರು ಮಕ್ಕಳ ಡಬ್ಬಿಗಳನ್ನು ತೆರೆಸಿ, ಮೇಲಿನಿಂದ ಒಂದೊಂದು ಫೋಟೋ ತೆಗೆದು ಅವಳಿಗೆ ಕಳಿಸಬೇಕು. ಅವಳು ನೋಡಿ ಬಣ್ಣ ಕೊಡಬೇಕು. ಧಾನ್ಯ, ಪ್ರೋಟೀನ್, ತರಕಾರಿ, ಹಣ್ಣು ಎಲ್ಲ ಹದವಾಗಿದ್ದರೆ ಹಸಿರು ಚುಕ್ಕೆ. ಒಂದು ಕಡಿಮೆ ಬಿದ್ದರೆ ಹಳದಿ. ಬರೀ ಬ್ರೆಡ್ಡೋ ಬರೀ ಅನ್ನವೋ ಆಗಿದ್ದರೆ ಕೆಂಪು. ಸಂಜೆಯೊಳಗೆ ಆ ಚುಕ್ಕೆ ತಂದೆತಾಯಿಯ ಫೋನಿಗೆ ಹೋಗುತ್ತದೆ. ಫೋಟೋ ಹೋಗುವುದಿಲ್ಲ. ಫೋಟೋ ಕಳಿಸಿದರೆ ಅಪ್ಪಅಮ್ಮಂದಿರು ವಾದಕ್ಕೆ ಬರುತ್ತಾರೆ ಎಂದು ಅವಳೇ ಬೇಡವೆಂದಿದ್ದಳು.

ಒಂದು ಮಗುವಿಗೆ ಒಂದೇ ಫೋಟೋ ಸಾಕು ಎಂದವಳೂ ಅವಳೇ. ಊಟಕ್ಕೆ ಮುಂಚೆ ಒಂದು, ಊಟವಾದ ಮೇಲೆ ಇನ್ನೊಂದು ಎಂದರೆ ಟೀಚರುಗಳು ಅವಳನ್ನೇ ಬೇಯಿಸಿ ತಿನ್ನುತ್ತಿದ್ದರು. ಮೇಲಿನಿಂದ ತೆಗೆದ ಫೋಟೋದಲ್ಲಿ ಡಬ್ಬಿಯ ಆಳ ಕಾಣುವುದಿಲ್ಲ, ಬ್ರೆಡ್ಡಿನ ನಡುವೆ ಏನಿದೆ ಕಾಣುವುದಿಲ್ಲ ಎನ್ನುವುದು ಅವಳಿಗೂ ಗೊತ್ತು. ಆದರೂ ಕಣ್ಣು ಪಳಗಿದೆ ಎಂಬ ಧೈರ್ಯ. ಒಂದು ಡಬ್ಬಿ ನೋಡುವಾಗ ಪಕ್ಕದ ಮಗುವಿನ ಡಬ್ಬಿಯ ಜೊತೆ ಹೋಲಿಕೆ ಬರಬಾರದೆಂದು ಒಂದೊಂದೇ ಫೋಟೋವನ್ನು ತೆರೆದು, ಬಣ್ಣ ಕೊಟ್ಟು, ಮುಚ್ಚಿಬಿಡುತ್ತಿದ್ದಳು. ನ್ಯಾಯವಾಗಿ ನಡೆದುಕೊಳ್ಳುತ್ತಿದ್ದೇನೆ ಎಂದು ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಆ ದಿನ ಮಧ್ಯಾಹ್ನ ಫೋಟೋಗಳೆಲ್ಲ ಆಗಲೇ ಬಂದಿದ್ದವು, ಬಣ್ಣ ಕೊಡುವುದಿನ್ನೂ ಬಾಕಿ. ಅವಳ ಕೋಣೆಯ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಒಂದನೇ ತರಗತಿಯ ಪುಟ್ಟಿಯ ಅಮ್ಮ. ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಕೆಲಸದ ನಡುವೆಯೇ ಓಡಿ ಬಂದಿದ್ದಳು. ಕೂರಲು ಹೇಳಿದರೂ ಕೂರಲಿಲ್ಲ.

"ಮೇಡಂ, ಪುಟ್ಟಿಗೆ ರಕ್ತ ಕಮ್ಮಿ ಅಂತೆ. ಮೆಟ್ಲು ಹತ್ತಿದ್ರೆ ಏದುಸಿರು ಬಿಡ್ತಾಳೆ. ತುಟಿ ನೋಡಿದೀರಲ್ಲ, ಬೆಳ್ಳಗೆ. ನಾಳೆ ಬೆಳಿಗ್ಗೆ ಆಸ್ಪತ್ರೇಲಿ ನಿದ್ದೆ ಬರೋ ಔಷಧಿ ಕೊಟ್ಟು, ಬಾಯೊಳಗಿಂದ ಕೊಳವೆ ಇಳಿಸಿ ಹೊಟ್ಟೆ ಒಳಗೆ ನೋಡ್ತಾರಂತೆ."

"ಯಾಕಂತೆ?"

"ಊಟ ಸರಿಯಾಗಿಲ್ದೆ ರಕ್ತ ಕಮ್ಮಿ ಆಗಿದ್ರೆ ಊಟ, ಔಷಧಿಲೇ ಸರಿ ಮಾಡ್ಬೋದಂತೆ. ಊಟ ಚೆನ್ನಾಗಿದ್ದೂ ಹೀಗಾಗಿದ್ರೆ ಒಳಗೆ ಏನೋ ಇದೆ ಅಂತ ಅರ್ಥ, ನೋಡ್ಲೇಬೇಕು ಅಂದ್ರು. ನಾನು ಊಟ ಚೆನ್ನಾಗಿದೆ, ಸ್ಕೂಲಲ್ಲಿ ದಿನಾ ಹಸಿರು ಚುಕ್ಕೆ ಕೊಡ್ತಾರೆ ಅಂದೆ. ಹಾಗಾದ್ರೆ ಅವ್ರ ಹತ್ರ ಒಂದು ಮಾತು ಬರೆಸ್ಕೊಂಡು ಬನ್ನಿ ಅಂದ್ರು ಡಾಕ್ಟ್ರು."

ಬಣ್ಣದ ಮಿಸ್ ಕುರ್ಚಿಯನ್ನು ಕಂಪ್ಯೂಟರಿನ ಕಡೆ ಎಳೆದುಕೊಂಡಳು. ಆರು ವರ್ಷದ ಮಗು. ಒಳಗೇನಾದರೂ ದೊಡ್ಡ ಕಾಯಿಲೆ ಇದ್ದರೆ? ಅವಳು ಕಂಪ್ಯೂಟರಿನಲ್ಲಿ ಪುಟ್ಟಿಯ ಹೆಸರು ಒತ್ತಿದಳು. ವರ್ಷದ ಮೊದಲಲ್ಲಿ ಕೆಂಪು, ಕೆಂಪು, ಮತ್ತೆ ಕೆಂಪು. ಆಮೇಲೆ ಉದ್ದಕ್ಕೂ ಹಸಿರು, ಗದ್ದೆ ನಾಟಿ ಮಾಡಿದ ಹಾಗೆ. ಅನುಮಾನಕ್ಕೆ ಜಾಗವೇ ಇರಲಿಲ್ಲ. ಕಾಗದ ತೆಗೆದುಕೊಂಡು 'ಮಗುವಿನ ಮಧ್ಯಾಹ್ನದ ಊಟ ಸಮತೋಲನದಲ್ಲಿದೆ' ಎಂದು ಬರೆದೂಬಿಟ್ಟಳು. ಸಹಿ ಮಾಡುವ ಮುಂಚೆ ತಾಯಿಗೆ ಸಮಾಧಾನವಾಗಲಿ ಎಂದು ಪರದೆಯನ್ನು ಅವಳ ಕಡೆ ತಿರುಗಿಸಿದಳು.

"ನೋಡಿ ಅಮ್ಮ, ನಿಮ್ಮ ಕಡೆಯಿಂದ ಏನೂ ತಪ್ಪಾಗಿಲ್ಲ. ಇದು ಇವತ್ತಿನ ಡಬ್ಬಿ. ಬ್ರೆಡ್ಡು, ಅರ್ಧ ಮೊಟ್ಟೆ, ಕ್ಯಾರೆಟ್ಟು, ಕಿತ್ತಳೆ. ಇದಕ್ಕಿಂತ ಇನ್ನೇನು ಬೇಕು?"

ಪುಟ್ಟಿಯ ಅಮ್ಮ ಪರದೆಯ ಹತ್ತಿರ ಬಗ್ಗಿದಳು. ತುಂಬ ಹೊತ್ತು ನೋಡಿದಳು.

"ಡಬ್ಬಿ ನಮ್ದೇ," ಅಂದಳು. "ಬ್ರೆಡ್ಡೂ ನಮ್ದೇ. ಈ ಮೊಟ್ಟೆ ನಮ್ದಲ್ಲ ಮೇಡಂ."

"ಅಂದ್ರೆ?"

"ನಾನು ಮೊಟ್ಟೆ ಹಾಕಿಲ್ಲ. ಕ್ಯಾರೆಟ್ಟೂ ಹಾಕಿಲ್ಲ, ಕಿತ್ತಳೆನೂ ಹಾಕಿಲ್ಲ. ಬ್ರೆಡ್ಡು, ಅದ್ರೊಳಗೆ ಬೇಯಿಸಿದ ಆಲೂಗಡ್ಡೆ. ದಿನಾ ಅದೇ."

ಬಣ್ಣದ ಮಿಸ್ ಹಿಂದಿನ ದಿನದ ಫೋಟೋ ತೆರೆದಳು. ಅದರ ಹಿಂದಿನ ದಿನದ್ದು. ಎಲ್ಲದರಲ್ಲೂ ಮೊಟ್ಟೆಯೋ ಬೇಯಿಸಿದ ಕಾಳೋ ಬ್ರೆಡ್ಡಿನ ಮೇಲೆಯೇ ಕೂತಿತ್ತು, ತನ್ನದೊಂದು ಜಾಗವಿಲ್ಲದೆ, ನೆಂಟರ ಮನೆಗೆ ಬಂದ ಹಾಗೆ. ಇಷ್ಟು ದಿನ ಅದು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಅವಳು ಗುಂಪುಗಳನ್ನು ಎಣಿಸುತ್ತಿದ್ದಳೇ ಹೊರತು ಅವು ಹೇಗೆ ಕೂತಿವೆ ಎಂದು ನೋಡುತ್ತಿರಲಿಲ್ಲ.

ತನ್ನ ನಿಯಮವನ್ನು ಮುರಿದು ಆ ತರಗತಿಯ ಅವತ್ತಿನ ಫೋಟೋಗಳನ್ನೆಲ್ಲ ಸಾಲಾಗಿ ಒಟ್ಟಿಗೆ ತೆರೆದಳು. ಕಿಟಕಿ ಪಕ್ಕದ ಬೆಂಚಿನ ಮೊದಲ ಡಬ್ಬಿ ಎರಡು ಜಡೆಯ ಹುಡುಗಿಯದು: ಅರ್ಧ ಮೊಟ್ಟೆ, ಅಂಚಿನಲ್ಲಿ ಹಳದಿ ಸ್ವಲ್ಪ ಕಿತ್ತುಹೋಗಿದೆ, ಪಕ್ಕದಲ್ಲಿ ಅಲೆಅಲೆಯಾಗಿ ಕತ್ತರಿಸಿದ ಕ್ಯಾರೆಟ್ಟು, ಕಿತ್ತಳೆ. ಅದರ ಮುಂದಿನ ಡಬ್ಬಿ ಬೇರೊಬ್ಬಳದು: ಅಂಚು ಕಿತ್ತ ಅದೇ ಅರ್ಧ ಮೊಟ್ಟೆ, ಅದೇ ಅಲೆಅಲೆ ಕ್ಯಾರೆಟ್ಟು, ಅದೇ ಕಿತ್ತಳೆ. ಅದರ ಮುಂದೆ ಪುಟ್ಟಿಯದು. ಅದೇ ಮೊಟ್ಟೆ. ಒಂದು ಅರ್ಧ ಮೊಟ್ಟೆ ಇಡೀ ಬೆಂಚಿಗೆ ಹಸಿರು ಚುಕ್ಕೆ ಸಂಪಾದಿಸಿ ಕೊಡುತ್ತಿತ್ತು. ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು.

"ಅಮ್ಮ, ಮುಂಚೆ ನಿಮಗೆ ಕೆಂಪು ಬರ್ತಿತ್ತಲ್ಲ, ಆಗ ಏನು ಹಾಕ್ತಿದ್ರಿ?"

"ಬ್ರೆಡ್ಡು, ಜಾಮು. ತರಕಾರಿ ಇಲ್ಲ ಅಂತ ಮೆಸೇಜ್ ಬಂತು. ನಂಗೆ ಅವಮಾನ ಆಯ್ತು, ಸುಳ್ಳು ಯಾಕೆ ಹೇಳ್ಲಿ, ಅತ್ತೂಬಿಟ್ಟೆ. ಜಾಮು ಬಿಟ್ಟು ಆಲೂಗಡ್ಡೆ ಹಾಕ್ದೆ. ಎರಡು ದಿನಕ್ಕೆ ಹಸಿರು ಬಂತು. ಸದ್ಯ ಸರಿಹೋಯ್ತಲ್ಲ ಅಂದ್ಕೊಂಡೆ."

ಆಲೂಗಡ್ಡೆ ತೋಟದಲ್ಲಿ ತರಕಾರಿಯೇ ಇರಬಹುದು. ಆದರೆ ಬಣ್ಣದ ಮಿಸ್ ಲೆಕ್ಕದಲ್ಲಿ ಅದು ಬ್ರೆಡ್ಡಿನ ಅಣ್ಣತಮ್ಮ, ಅದೂ ಪಿಷ್ಟ ಇದೂ ಪಿಷ್ಟ. ಆ ಮಾತನ್ನು ಅವಳು ಯಾವ ತಾಯಿಗೂ ಬಾಯಿಬಿಟ್ಟು ಹೇಳಿರಲಿಲ್ಲ. ಕೆಂಪಿಗೆ ಕಾರಣ ಬರೆದು ಕಳಿಸುತ್ತಿದ್ದಳು, ಹಸಿರಿಗೆ ಬರೀ ಚುಕ್ಕೆ.

"ರಾತ್ರಿ ಊಟ?" ಕೇಳುವುದಕ್ಕೇ ಅವಳಿಗೆ ಹೆದರಿಕೆಯಾಯಿತು.

"ಮುಂಚೆ ಕಾಳು, ಸೊಪ್ಪು ಏನಾದ್ರೂ ಬೇಯಿಸ್ತಿದ್ದೆ. ಸಂಜೆ ಬರೋವಾಗ ಕೈಕಾಲು ಬಿದ್ದೋಗಿರುತ್ತೆ ಮೇಡಂ. ಡಬ್ಬಿ ಊಟ ಸರಿ ಇದೆ ಅಂತ ತಿಳಿದೋರೇ ಹೇಳಿದ್ಮೇಲೆ ರಾತ್ರಿಗೂ ಅದನ್ನೇ ಮಾಡೋಕೆ ಶುರು ಮಾಡ್ದೆ. ಅವ್ಳಿಗೂ ಇಷ್ಟ." ಅವಳ ದನಿ ಸಣ್ಣದಾಯಿತು. "ನೀವು ಸರಿ ಅಂದ್ರಲ್ಲ."

ಬಣ್ಣದ ಮಿಸ್ ತಲೆ ತಗ್ಗಿಸಿದಳು. ಬರೆದ ಕಾಗದವನ್ನು ಹರಿದು ಬುಟ್ಟಿಗೆ ಹಾಕಿ, "ಮೊದಲು ಪುಟ್ಟಿ ಹತ್ರ ಮಾತಾಡೋಣ. ಯಾರೂ ಬೈಯೋದು ಬೇಡ," ಅಂದಳು.

ತರಗತಿಯಿಂದ ಕರೆಸಿದಾಗ ಪುಟ್ಟಿ ಬಂದಳು. ಬಾಗಿಲಲ್ಲಿ ಅಮ್ಮನನ್ನು ಕಂಡದ್ದೇ ಅವಳ ಮುಖದಲ್ಲಿದ್ದ ಅಷ್ಟಿಷ್ಟು ರಕ್ತವೂ ಇಳಿದುಹೋಯಿತು.

"ಇವತ್ತು ಕೆಂಪು ಬಂತಾ ಮಿಸ್?"

"ಇಲ್ಲ ಕಂದ. ಸುಮ್ನೆ ಒಂದು ಮಾತು ಕೇಳೋಣ ಅಂತ. ಈ ಮೊಟ್ಟೆ ಯಾರ್ದು?"

ಮಗು ಪರದೆ ನೋಡಿತು, ಅಮ್ಮನನ್ನು ನೋಡಿತು, ನೆಲ ನೋಡಿತು. ತಪ್ಪಿಸಿಕೊಳ್ಳುವ ದಾರಿ ಯಾವ ಕಡೆಯೂ ಕಾಣಲಿಲ್ಲ.

"ಎರಡು ಜಡೆ ಹಾಕ್ತಾಳಲ್ಲ, ಅವ್ಳದು. ಅವ್ಳ ಫೋಟೋ ಆದ್ಮೇಲೆ ಬೆಂಚಿನ ಕೆಳಗಿಂದ ಕೊಡ್ತಾಳೆ. ನಮ್ಮಿಬ್ರದೂ ಆದ್ಮೇಲೆ ವಾಪಸ್ ಕೊಡ್ಬೇಕು. ಅದಕ್ಕೆ ನಾನು ಅವ್ಳಿಗೆ ನವಿಲಿನ ಚಿತ್ರ ಬರ್ದು ಕೊಡ್ತೀನಿ."

"ಯಾಕೆ ಪುಟ್ಟಿ ಹಾಗೆ ಮಾಡ್ದೆ?" ಅಮ್ಮ ಕೇಳಿದಳು.

"ಕೆಂಪು ಬಂದ್ರೆ ನೀನು ಅಳ್ತೀಯ."

ಬಣ್ಣದ ಮಿಸ್ ಫೋನ್ ಎತ್ತಿಕೊಂಡು ಆಸ್ಪತ್ರೆಗೆ ಕರೆ ಮಾಡಿದಳು. ಡಾಕ್ಟರು ಸಿಕ್ಕ ಮೇಲೆ ಸುತ್ತಿ ಬಳಸಿ ಮಾತಾಡಲಿಲ್ಲ.

"ಡಾಕ್ಟ್ರೇ, ಪುಟ್ಟಿ ಊಟ ಸರಿಯಾಗಿದೆ ಅಂತ ನಾನು ಕೊಟ್ಟ ಚುಕ್ಕೆಗಳನ್ನ ನಂಬ್ಬೇಡಿ. ಫೋಟೋದಲ್ಲಿದ್ದ ಮೊಟ್ಟೆ, ತರಕಾರಿ, ಹಣ್ಣು ಬೇರೆ ಮಗೂದು. ಇವ್ಳು ತಿಂಗಳುಗಟ್ಟಲೆ ಎರಡು ಹೊತ್ತೂ ಬ್ರೆಡ್ಡು ಆಲೂಗಡ್ಡೆ ಬಿಟ್ಟು ಬೇರೆ ತಿಂದಿಲ್ಲ. ಹೌದು, ಕಾಳಿಲ್ಲ, ಸೊಪ್ಪಿಲ್ಲ, ಮಾಂಸ ಇಲ್ಲ. ಹೌದು, ತಪ್ಪು ನನ್ನದೇ."

ಡಾಕ್ಟರು ಬಿಡಿಬಿಡಿಯಾಗಿ ಹೇಳಿದರು. ನಾಳೆಯ ಕೊಳವೆ ಬೇಡ. ಕಬ್ಬಿಣದ ಅಂಶದ ಔಷಧಿ ಬರೆದುಕೊಡುತ್ತೇನೆ, ಇವತ್ತೇ ಶುರುವಾಗಲಿ, ಜೊತೆಗೆ ಊಟ ಬದಲಾಗಲಿ. ಒಂದು ತಿಂಗಳಿಗೆ ಮತ್ತೆ ರಕ್ತ ನೋಡೋಣ. ಏರಿದರೆ ಒಳ್ಳೆಯದು, ಏರದಿದ್ದರೆ ಆಗ ಒಳಗೆ ನೋಡಲೇಬೇಕಾಗುತ್ತದೆ. ಏರುತ್ತದೆ ಎಂದು ಅವರು ಮಾತು ಕೊಡಲಿಲ್ಲ, ಅವಳೂ ಕೇಳಲಿಲ್ಲ.

ಹೇಳಿದ್ದನ್ನೆಲ್ಲ ತಾಯಿಗೆ ತಿಳಿಸಿದಳು. ಪುಟ್ಟಿಯ ಅಮ್ಮ ಆಗ ಕುರ್ಚಿಯಲ್ಲಿ ಕೂತಳು. ಕೂತವಳು ಮಗಳನ್ನು ತೊಡೆಯ ಹತ್ತಿರ ಎಳೆದುಕೊಂಡಳು. ಬೈಯಲಿಲ್ಲ. ಅಳಬಾರದೆಂದು ತುಟಿ ಕಚ್ಚಿಕೊಂಡಿದ್ದಳು, ಅಳುವೇನೂ ಅವಳ ಮಾತು ಕೇಳಲಿಲ್ಲ.

ಅಮ್ಮನ ಕಣ್ಣೀರು ಕಂಡು ಪುಟ್ಟಿಗೆ ದಿಗಿಲಾಯಿತು. ತನ್ನ ತಪ್ಪು ಪೂರ್ತಿ ಒಪ್ಪಿಕೊಳ್ಳದಿದ್ದರೆ ಈ ಅಳು ನಿಲ್ಲುವುದಿಲ್ಲ ಎಂದುಕೊಂಡಿತೇನೋ ಮಗು. ಅಮ್ಮನ ಸೆರಗು ಹಿಡಿದು ಎಳೆದು, ಬಣ್ಣದ ಮಿಸ್‌ಗೆ ಕೇಳದ ಹಾಗೆ ಹೇಳುತ್ತಿದ್ದೇನೆ ಎಂದುಕೊಂಡು, ಕೇಳುವಷ್ಟೇ ಜೋರಾಗಿ ಹೇಳಿತು:

"ನಾನು ಮೊಟ್ಟೆ ತಿಂದಿಲ್ಲ ಅಮ್ಮ, ದೇವ್ರಾಣೆ. ದಿನಾ ಹಾಗ್ಹಾಗೇ ವಾಪಸ್ ಕೊಟ್ಟಿದೀನಿ. ಒಂದೇ ಒಂದು ಸಲ, ಕೊಟ್ಟಾದ್ಮೇಲೆ, ಬೆರಳು ನೆಕ್ಕಿದೆ."