ಹೊಳೆವ್ವನ ಗಂಟು

ಅಕ್ಕಿಆಲೂರಿನ ಬಸ್ ಸ್ಟ್ಯಾಂಡಿನ ಹತ್ತಿರ, ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಅಂಕಿತಾಳ ಸ್ಟುಡಿಯೋ. ಲಗ್ನದ ಹಂಗಾಮಿನಲ್ಲಿ ಲಗ್ನದ ವಿಡಿಯೋ, ಉಳಿದ ದಿನಗಳಲ್ಲಿ ಬಂದ ಕೆಲಸ. ಅಲ್ಲಿ ಮಾತು ಬರೆಯುವವಳು ಮಲ್ಲಿಕಾ. ಅವಳದೊಂದೇ ದೋಷ, ಬರೆಯಲು ಕೂತಳೆಂದರೆ ಕನಸಿಗೆ ಜಾರುತ್ತಿದ್ದಳು. ಕಿಟಕಿಯಾಚೆ ಅಕ್ಕಿ ಗಿರಣಿಯ ತೌಡು ಬಿಸಿಲಿನಲ್ಲಿ ಬಂಗಾರದ ಮಂಜಾಗಿ ತೇಲುತ್ತಿತ್ತು. ಅದನ್ನು ನೋಡುತ್ತ ಚಹಾ ತಣ್ಣಗಾಗಿಸಿಕೊಂಡ ದಿನಗಳಿಗೆ ಲೆಕ್ಕವಿಲ್ಲ.

ಈ ಸಲದ ಕೆಲಸ ಹಾವು ಕಡಿತದ್ದು. ನಾಟಿಯ ಹಂಗಾಮು ಶುರುವಾಗುವುದರೊಳಗೆ ಹಾನಗಲ್ ಕಡೆಯ ಹಳ್ಳಿಗರ ಮೊಬೈಲುಗಳಿಗೆ ಹೋಗಬೇಕಾದ ಮೂವತ್ತು ಸೆಕೆಂಡಿನ ವಿಡಿಯೋ. ಮಾಡಿಸುತ್ತಿದ್ದುದು ಒಂದು ಸೇವಾ ಸಂಸ್ಥೆ. ಮಲ್ಲಿಕಾ ಬರೆದು ತಂದದ್ದನ್ನು ಅಂಕಿತಾ ಗಡಿಯಾರ ಹಿಡಿದು ಓದಿಸಿದಳು.

“ಅಲ್ಲಬೇ ಮಲ್ಲಿ, ನಮಸ್ಕಾರ ಹೇಳೂದರೊಳಗ ಹಾವು ಕಡದು ಹೋತು!” ಎಂದು ನಕ್ಕಳು ಅಂಕಿತಾ. “ಬ್ಯಾಟರಿ ಹಿಡ್ಕೋರಿ, ಚಪ್ಲಿ ಹಾಕ್ಕೋರಿ, ಹುಲ್ಲು ತಗೀರಿ, ನೆಲದ ಮ್ಯಾಲ ಮಲಗಬ್ಯಾಡ್ರಿ, ಮಂತ್ರದವ್ರ ಕಡೆ ಹೋಗಬ್ಯಾಡ್ರಿ. ಇದು ವಿಡಿಯೋನೋ, ಸಂತಿ ಸಾಮಾನಿನ ಚೀಟಿನೋ?”

“ಎಲ್ಲಾನೂ ಖರೇನ ಐತಲ್ಲಕ್ಕ.”

“ಖರೆ ಐತಿ. ಆದ್ರ ಮೂವತ್ತು ಸೆಕೆಂಡಿನಾಗ ಮಂದಿ ತಲ್ಯಾಗ ಒಂದ ಉಳಿತೈತಿ. ಮೊದಲ ಒಂದ ತೊಂದ್ರಿ. ಅದಕ್ಕ ಒಂದ ಉಪಾಯ. ಆ ಉಪಾಯ ಮಾಡಿದ್ರ ಏನ್ ದಕ್ಕತೈತಿ, ಅದು. ಕಡೀಕ ಬಾಯಾಗ ಕುಂದ್ರೋ ಒಂದು ಮಾತು. ಎಲ್ಲಾ ಸೇರಿ ಐವತ್ತು ಶಬ್ದದ ಸುತ್ತಮುತ್ತ. ಈಗ ಹೇಳು, ಹಾವು ಕಡದ ಮ್ಯಾಲ ನಮ್ಮ ಮಂದಿ ಮಾಡೋ ಎಲ್ಲಾಕಿಂತ ದೊಡ್ಡ ತಪ್ಪು ಯಾವುದು?”

ಮಲ್ಲಿಕಾಳಿಗೆ ಉತ್ತರ ಗೊತ್ತಿತ್ತು. ಗೊತ್ತಿದ್ದರಿಂದಲೇ ಅದನ್ನೊಂದು ಬಿಟ್ಟು ಉಳಿದದ್ದನ್ನೆಲ್ಲ ಬರೆದಿದ್ದಳು.

ಕೆಲವು ವರ್ಷಗಳ ಹಿಂದೆ ಗದ್ದೆಯಲ್ಲಿ ಅವಳಪ್ಪ ಕರಬಸಪ್ಪನಿಗೆ ಹಾವು ಕಡಿದಿತ್ತು. ಅವ್ವ ಹೊಳೆವ್ವ ಸೆರಗು ಹರಿದು ಮೊಣಕಾಲಿನ ಕೆಳಗೆ ಬಿಗಿಯಾಗಿ ಕಟ್ಟಿದಳು. ಕಾಲು ನೀಲಿಗಟ್ಟಿತು, ಆಮೇಲೆ ಕಾಲನ್ನೇ ಕತ್ತರಿಸಿ ತೆಗೆಯಬೇಕಾಯಿತು. ವಿಷ ಗಂಟಿಗೆ ನಿಲ್ಲುವುದಿಲ್ಲ, ರಕ್ತ ಮಾತ್ರ ನಿಂತಿತು, ಕಾಲು ಸತ್ತದ್ದು ಅದಕ್ಕೇ ಎಂದು ಡಾಕ್ಟರು ಹೇಳಿದ್ದು ಕರಬಸಪ್ಪ ಮತ್ತು ಮಲ್ಲಿಕಾಳಿಗೆ ಮಾತ್ರ. “ಅವ್ವಗ ಹೇಳಬ್ಯಾಡ” ಎಂದು ಅಪ್ಪ ಮಗಳ ಕೈ ಹಿಡಿದುಕೊಂಡಿದ್ದ.

ಹೊಳೆವ್ವನಿಗೆ ಇಂದಿಗೂ ತಾನು ಕಟ್ಟಿದ ಗಂಟೇ ಗಂಡನ ಜೀವ ಉಳಿಸಿತು ಎಂಬ ನಂಬಿಕೆ. ಊರಿನ ಹೆಂಗಸರಿಗೆ ಅದನ್ನು ಕಲಿಸಿದ್ದಳು. ಓಣಿಯ ಎಷ್ಟೋ ಮನೆಗಳ ಬಾಗಿಲ ಮೊಳೆಗೆ ಹಳೆ ಸೀರೆಯ ಪಟ್ಟಿಯೊಂದು ಜೋತಾಡುತ್ತಿತ್ತು, ಯಾರಿಗಾದರೂ ಹಾವು ಕಡಿದರೆ ಕಟ್ಟಲೆಂದು. ಅದಕ್ಕೆ ಹೊಳೆವ್ವನ ಪಟ್ಟಿ ಎಂದೇ ಹೆಸರು. ಆ ಹೆಸರು ಕಿವಿಗೆ ಬಿದ್ದಾಗ ಅವ್ವನ ಮುಖ ಅರಳುವುದನ್ನು ನೋಡಿ ಮಲ್ಲಿಕಾ ಎಷ್ಟೋ ಸಲ ಸಂಕಟಪಟ್ಟಿದ್ದಳು.

ಸಂಜೆಯ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿದಳು. ನೀರು ನಿಂತ ಗದ್ದೆಗಳಲ್ಲಿ ಆಕಾಶ ಮಲಗಿತ್ತು. ಅರೆನಿದ್ದೆಯಲ್ಲಿ ಬದುವಿನ ಮೇಲೆ ಅಪ್ಪ ಎರಡೂ ಕಾಲಿನಿಂದ ನಡೆದು ಹೋಗುತ್ತಿದ್ದ. ಅವನ ಹಿಂದೆ ಓಣಿಯವರೆಲ್ಲ ಒಬ್ಬೊಬ್ಬರಾಗಿ, ಕಾಲಿಗೆ ಬಣ್ಣಬಣ್ಣದ ಪಟ್ಟಿ ಕಟ್ಟಿಕೊಂಡು, ಸದ್ದಿಲ್ಲದೆ ನೀರಿಗಿಳಿಯುತ್ತಿದ್ದರು. ಕರೆಯಬೇಕೆಂದರೆ ದನಿ ಏಳಲಿಲ್ಲ. ಕಂಡಕ್ಟರ್ ಊರಿನ ಹೆಸರು ಕೂಗಿದಾಗ ಎಚ್ಚರಾಯಿತು.

ಮನೆಗೆ ಬಂದವಳೇ ಅವ್ವನ ಎದುರು ಕೂತಳು. ಬರೆದದ್ದನ್ನು ಯಾರಾದರೊಬ್ಬರಿಗೆ ಓದಿ, ಅವರ ತಲೆಯಲ್ಲಿ ಏನು ಉಳಿಯಿತು ಎಂದು ಕೇಳುವುದು ಸ್ಟುಡಿಯೋದ ರೂಢಿ. ಹೊಳೆವ್ವ ಪುಂಡಿಪಲ್ಲೆಯ ಸೊಪ್ಪು ಸೋಸುತ್ತಿದ್ದಳು. ಮಲ್ಲಿಕಾ ಬಸ್ಸಿನಲ್ಲಿ ಮನಸ್ಸಿನಲ್ಲೇ ಕಟ್ಟಿಕೊಂಡದ್ದನ್ನು ಹೇಳಿದಳು.

“ಹಾವು ಕಡದ್ರ ನಾವು ಬಿಗದು ಕಟ್ತೇವಿ. ವಿಷ ನಿಲ್ಲೂದಿಲ್ಲ, ಕಾಲು ಸಾಯ್ತೈತಿ...”

ಪಲ್ಲೆಯ ಮೇಲಿನ ಕೈ ನಿಂತಿತು. ಮುಂದಿನದನ್ನು ಮಲ್ಲಿಕಾ ಹೇಗೋ ಹೇಳಿ ಮುಗಿಸಿದಳು. ಏನು ಉಳಿಯಿತೆಂದು ಕೇಳುವ ಧೈರ್ಯ ಬರಲಿಲ್ಲ.

“ಇದು ಖರೇನು?” ಎಂದಳು ಹೊಳೆವ್ವ.

“ಹೂಂ ಬೇ. ಡಾಕ್ಟರ್ ಹೇಳಿದ್ದು.”

“ನಿಮ್ಮಪ್ಪಗ ಗೊತ್ತೈತಿ?”

ಮಲ್ಲಿಕಾ ಹೌದೆಂದು ತಲೆಯಾಡಿಸಿದಳು. ಹೊಳೆವ್ವ ಎದ್ದು ಹಿತ್ತಲಿಗೆ ಹೋದಳು. ಕರೆದರೂ ಉಣ್ಣಲು ಬರಲಿಲ್ಲ. ಎಂಥ ಪಾಪ ಮಾಡಿದೆನಪ್ಪಾ ಎಂದು ಮಲ್ಲಿಕಾ ತನ್ನನ್ನೇ ಬೈದುಕೊಂಡಳು. ಕೆಲಸ ಬಿಟ್ಟರೂ ಚಿಂತೆಯಿಲ್ಲ, ಆ ಮಾತು ತೆಗೆದುಬಿಡುತ್ತೇನೆ ಎಂದು ತೀರ್ಮಾನಿಸಿದಳು.

ಬೆಳಿಗ್ಗೆ ಎದ್ದು ನೋಡಿದರೆ ಹೊಳೆವ್ವ ಮಡಿಕೆ ಮುರಿಯದ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು.

“ಅದನ್ನ ಮಷೀನಿನ್ಯಾಗ ಯಾರು ಹೇಳ್ತಾರ?”

“ಧಾರವಾಡದಿಂದ ಒಬ್ಬಾಕಿ ಬರ್ತಾಳ. ಆದ್ರ ಅವ್ವ, ಅದನ್ನ ನಾ ತಗದ...”

“ಧಾರವಾಡದಾಕಿ ಹೇಳಿದ್ರ ನಮ್ಮ ಓಣ್ಯಾಗ ಯಾರು ಕೇಳ್ತಾರ? ಕಟ್ಟಾಕ ಕಲಿಸಿದಾಕಿ ನಾನು. ಬ್ಯಾಡ ಅನ್ನಾಕೂ ನಾನ ಬೇಕು. ನಡಿ.”

ಕರಬಸಪ್ಪನೂ ಊರುಗೋಲು ಹಿಡಿದು ಜೊತೆಗೆ ಹೊರಟ. ಬಸ್ಸಿನಲ್ಲಿ ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಕೂತರೂ ಮಾತಿಲ್ಲ. ಸ್ಟುಡಿಯೋದ ಮೆಟ್ಟಿಲು ಕಡಿದಾಗಿತ್ತು, ಹಾಗಾಗಿ ಅವನು ಕೆಳಗೆ ಗೊಬ್ಬರದಂಗಡಿಯ ಕಟ್ಟೆಯ ಮೇಲೆಯೇ ಉಳಿದ.

ಮೇಲೆ ಅಂಕಿತಾ ವಿಷಯ ಕೇಳಿ ಕುರ್ಚಿ ಎಳೆದು ಹೊಳೆವ್ವನನ್ನು ಕೂರಿಸಿದಳು. “ಕಾಕವ್ವ, ನಾವು ಬರದದ್ದು ಬಿಡ್ರಿ. ಆವತ್ತು ಏನಾತು ಅದನ್ನ ಹೇಳ್ರಿ” ಎಂದಳು.

ಹೊಳೆವ್ವ ಹೇಳಿದಳು. ಗಂಟು ಕಟ್ಟಿದ್ದು. ಗದ್ದೆಯಿಂದ ಗದ್ದೆಗೆ ಓಡಿ ಊರಿನ ಹುಚ್ಚಪ್ಪನ ಟ್ರ್ಯಾಕ್ಟರ್ ತರಿಸಿದ್ದು. ಮಂತ್ರದವರ ಬಳಿ ಒಯ್ಯೋಣ ಎಂದ ಮೈದುನನನ್ನು ಬೈದು ಪಕ್ಕಕ್ಕೆ ಸರಿಸಿ ಸೀದಾ ಸರಕಾರಿ ದವಾಖಾನೆಗೆ ಹೊಡೆಸಿದ್ದು. ಇದನ್ನೆಲ್ಲ ಅವಳು ಮೊದಲೂ ಹೇಳಿದ್ದಳು. ಆದರೆ ಗಂಟಿನ ಹೆಮ್ಮೆಯಲ್ಲಿ ಟ್ರ್ಯಾಕ್ಟರಿನ ಮಾತು ಯಾವಾಗಲೂ ಹಿಂದೆ ಬೀಳುತ್ತಿತ್ತು. ಮಲ್ಲಿಕಾ ಮೈಯೆಲ್ಲ ಕಿವಿಯಾದಳು. ತೊಂದರೆ ಅವ್ವನ ಕೈಯಲ್ಲಿತ್ತು, ನಿಜ. ಉಪಾಯವೂ ಅವ್ವನ ಕಾಲಲ್ಲೇ ಇತ್ತಲ್ಲ! ದಕ್ಕಿದ ಜೀವ ಕೆಳಗೆ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದೆ. ಅವಳು ಕಣ್ಣೊರೆಸಿಕೊಂಡು ಹೊಸದಾಗಿ ಬರೆದಳು. ಅಂಕಿತಾ ಅದನ್ನು ಸಂಸ್ಥೆಯ ಡಾಕ್ಟರಿಗೆ ಫೋನಿನಲ್ಲಿ ಓದಿ ಹೇಳಿ ಒಪ್ಪಿಗೆ ಪಡೆದಳು.

ಮೈಕಿನ ಮುಂದೆ ಹೊಳೆವ್ವ ನಮಸ್ಕಾರವನ್ನೂ ಹೇಳಲಿಲ್ಲ.

“ನಮ್ಮ ಮನಿಯವ್ರಿಗೆ ಹಾವು ಕಡೀತು. ನಾ ಬಿಗದು ಕಟ್ಟಿದ್ನಿ. ವಿಷ ನಿಲ್ಲಲಿಲ್ಲ, ಕಾಲು ಹೋತು. ನೀವು ಕಟ್ಟಬ್ಯಾಡ್ರಿ. ಕಡಿಸಿಕೊಂಡವ್ರನ್ನ ನಡಸಬ್ಯಾಡ್ರಿ. ಅಲ್ಲಾಡದಂಗ ಮಲಗಿಸ್ಕೊಂಡು ಸೀದಾ ದೊಡ್ಡ ದವಾಖಾನಿಗೆ ಒಯ್ರಿ. ವಿಷಕ್ಕ ಔಷಧ ಇರೂದು ಅಲ್ಲೇ. ಅದರಿಂದನ ನಮ್ಮ ಮನಿಯವ್ರು ಇವತ್ತು ನನ್ನ ಕೂಡ ಉಣ್ತಾರ. ಕಟ್ಟಬ್ಯಾಡ್ರಿ, ಕರ್ಕೊಂಡು ಹೋಗ್ರಿ.”

ಅಂಕಿತಾ ಗಡಿಯಾರ ನೋಡುವುದನ್ನೇ ಮರೆತಿದ್ದಳು. ಆಮೇಲೆ ನೋಡಿದರೆ ಮೂವತ್ತರೊಳಗೇ ಮುಗಿದಿತ್ತು.

ಹೊಳೆವ್ವ ಮೆಟ್ಟಿಲಿಳಿದು ಗಂಡನ ಪಕ್ಕ ಕಟ್ಟೆಯ ಮೇಲೆ ಕೂತಳು. ಗಿರಣಿಯ ತೌಡು ಇಬ್ಬರ ಮೇಲೂ ಮೆಲ್ಲಗೆ ಇಳಿಯುತ್ತಿತ್ತು. ಹಿಂದೆ ಬಂದ ಮಲ್ಲಿಕಾ ಕೊನೆಯ ಮೆಟ್ಟಿಲಲ್ಲೇ ನಿಂತಳು.

“ಇಷ್ಟು ವರ್ಷ ಊರ ತುಂಬ ಜಂಬ ಕೊಚ್ಕೊಂಡು ತಿರಗಿದ್ನಲ್ರೀ” ಎಂದಳು ಹೊಳೆವ್ವ. “ಒಂದಿನ ಆದ್ರೂ ಹೇಳಬಾರದಾಗಿತ್ತೇನು? ಯಾರರ ಸತ್ತಿದ್ರ?”

ಕರಬಸಪ್ಪ ಬೀಡಿಯನ್ನು ಕಟ್ಟೆಗೆ ಒತ್ತಿ ನಂದಿಸಿದ. “ತಪ್ಪಾತು. ನೀ ಅತ್ತುಗಿತ್ತೀ ಅಂತ ಹೆದರಿದ್ನಿ” ಎಂದ.

“ಅಳ್ತಿದ್ನಿ,” ಎಂದಳು ಹೊಳೆವ್ವ, “ಅತ್ತು ಎದ್ದು ಹೋಗಿ ಎಲ್ಲಾರ ಮನ್ಯಾಗೂ ಹೇಳಿ ಬರ್ತಿದ್ನಿ.” ಈಗ ಅಳು ನಿಜವಾಗಿಯೂ ಬಂತು. ಅದರ ನಡುವೆಯೇ ಗಂಡನ ಊರುಗೋಲನ್ನು ಎತ್ತಿ ಅವನ ಕೈಗೆ ಕೊಟ್ಟು, “ಏಳ್ರಿ, ಬಸ್ ಬಂತು. ಸಂಜಿಯೊಳಗ ಓಣಿ ಮುಗಸಬೇಕು” ಎಂದಳು.